ಹನ್ನೆರಡನೇ ಕಂತು ಎಷ್ಟು ಬಡ್ಡಿಗೆ ಸಮ?

ಚಿನ್ನದಂಗಡಿಯಲ್ಲಿ ಬಿಲ್ಲು ಕಟ್ಟಿ ಏಳುವ ಹೊತ್ತಿಗೆ ಕೌಂಟರಿನ ಹುಡುಗ ಒಂದು ಪಾಸ್‌ಬುಕ್ ಮುಂದಿಡುತ್ತಾನೆ. “ಅಕ್ಕಾ, ತಿಂಗಳಿಗೆ ಐದು ಸಾವಿರ ಕಟ್ಕೊಂಡು ಹೋಗಿ. ಹನ್ನೊಂದು ಕಂತು ನಿಮ್ದು, ಹನ್ನೆರಡನೇದು ನಮ್ದು. ಅರವತ್ತು ಸಾವಿರದ ಒಡವೆ ತಗೊಂಡ್ಹೋಗ್ಬಹುದು.” ವರಮಹಾಲಕ್ಷ್ಮಿ ಹಬ್ಬಕ್ಕೋ ಮಗಳ ಮದುವೆಗೋ ಹೇಗೂ ಚಿನ್ನ ಬೇಕೇ ಬೇಕು ಎನ್ನುವ ಮನೆಗಳಲ್ಲಿ ಈ ಮಾತಿಗೆ ತಲೆಯಾಡಿಸುವವರೇ ಹೆಚ್ಚು. ಆದರೆ ಇದು ಲಾಭವೇ, ಲಾಭವಾದರೆ ಎಷ್ಟು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ.

55,000 ಕಟ್ಟಿದ್ದಕ್ಕೆ 5,000 ಹೆಚ್ಚು ಸಿಕ್ಕಿತು, ಅಂದರೆ ಶೇ. 9 ಎನ್ನುವುದು ಒಂದು ಲೆಕ್ಕ. 60,000ದ ಒಡವೆಗೆ 5,000 ರಿಯಾಯಿತಿ, ಅಂದರೆ ಶೇ. 8.3 ಎನ್ನುವುದು ಇನ್ನೊಂದು. ಬ್ಯಾಂಕಿನ ಆರ್‌ಡಿ ಶೇ. 7ರ ಆಸುಪಾಸಿನಲ್ಲಿದೆ ಎಂದಿಟ್ಟುಕೊಂಡರೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಕೆಲವರು ಪಾಸ್‌ಬುಕ್ಕನ್ನು ಹಿಂದಕ್ಕೆ ತಳ್ಳುತ್ತಾರೆ. ಈ ಎರಡು ಅಂಕಿಗಳನ್ನೂ ಆರ್‌ಡಿಯ ಪಕ್ಕದಲ್ಲಿಟ್ಟು ನೋಡುವಂತಿಲ್ಲ. ಅವುಗಳಲ್ಲಿ ಕಾಲದ ಲೆಕ್ಕವೇ ಇಲ್ಲ.

ನಿಮ್ಮ 55,000 ರೂಪಾಯಿ ವರ್ಷವಿಡೀ ಅಂಗಡಿಯವರ ಕೈಯಲ್ಲಿ ಇರಲಿಲ್ಲ. ಮೊದಲ ತಿಂಗಳು ಅವರ ಬಳಿ ಇದ್ದದ್ದು ನಿಮ್ಮ ಬರೀ 5,000. ಎರಡನೇ ತಿಂಗಳು 10,000. ಹೀಗೆ ಸ್ವಲ್ಪ ಸ್ವಲ್ಪವೇ ಏರಿ, ಪೂರ್ತಿ 55,000 ಅವರ ಕೈಸೇರುವುದು ಹನ್ನೊಂದನೇ ಕಂತು ಕಟ್ಟಿದ ದಿನ. ಅದಾದ ಒಂದೇ ತಿಂಗಳಿಗೆ, ಹನ್ನೆರಡನೇ ಕಂತು ಕಟ್ಟಬೇಕಾಗಿದ್ದ ದಿನ, ನೀವು ಒಡವೆ ಕೊಳ್ಳುತ್ತೀರಿ. ಹಾಗಾಗಿ ಮೊದಲ ಕಂತು ಅವರ ಬಳಿ 11 ತಿಂಗಳು ದುಡಿದಿದೆ, ಎರಡನೆಯದು 10 ತಿಂಗಳು, ಮೂರನೆಯದು 9 ತಿಂಗಳು, ಕೊನೆಯದು ಒಂದೇ ಒಂದು ತಿಂಗಳು. 11ರಿಂದ 1ರವರೆಗೆ ಕೂಡಿದರೆ 66. ಹನ್ನೊಂದು ಕಂತುಗಳು ಒಟ್ಟು 66 ತಿಂಗಳು ದುಡಿದವು ಎಂದರೆ ಒಂದೊಂದು ಕಂತು ಸರಾಸರಿ 6 ತಿಂಗಳು ದುಡಿದ ಹಾಗಾಯಿತು.

ಅಲ್ಲಿಗೆ ಉತ್ತರ ಬಂದೇ ಬಿಟ್ಟಿತು. 55,000ಕ್ಕೆ 5,000, ಅಂದರೆ ಶೇ. 9 ಸಿಕ್ಕಿದ್ದು ಒಂದು ವರ್ಷಕ್ಕಲ್ಲ, ಸರಾಸರಿ ಆರು ತಿಂಗಳಿಗೆ. ವರ್ಷಕ್ಕೆ ಅದು ಶೇ. 18. ನಮ್ಮ ಹಳ್ಳಿಗಳ ಬಡ್ಡಿ ವ್ಯವಹಾರದ ಮಾತಿನಲ್ಲಿ ಹೇಳುವುದಾದರೆ ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ. ಅದೇ 5,000ವನ್ನು ಅದೇ ದಿನಾಂಕಗಳಂದು ಶೇ. 7ರ ಆರ್‌ಡಿಗೆ ಕಟ್ಟಿದ್ದರೆ ಸಿಗುತ್ತಿದ್ದ ಬಡ್ಡಿ ಸುಮಾರು 1,925 ರೂಪಾಯಿ. ಅಂಗಡಿಯವರು ಕೊಡುವುದು 5,000. ಎರಡೂವರೆ ಪಟ್ಟಿಗಿಂತ ಹೆಚ್ಚು.

ಬಡ್ಡಿಯ ಮೇಲೆ ಬಡ್ಡಿ ಸೇರಿಸುತ್ತ ಹೋಗುವ ಕ್ರಮದಲ್ಲಿ ಕರಾರುವಾಕ್ಕಾಗಿ ನೋಡಬೇಕೆನ್ನುವವರು ಕಂಪ್ಯೂಟರಿನ ಯಾವುದೇ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಹಾಕಿದರೆ ಸಾಕು.

```
=RATE(11,-5000,0,60000,1)
```

ಹನ್ನೊಂದು ಕಂತು, ಪ್ರತಿ ಕಂತಿಗೆ ಕೈಯಿಂದ ಹೋಗುವುದು 5,000, ಮೊದಲೇ ಕಟ್ಟಿಟ್ಟದ್ದು ಸೊನ್ನೆ, ಕೊನೆಗೆ ಬರುವುದು 60,000. ಕಡೆಯಲ್ಲಿರುವ 1 ಎಂಬುದು ಕಂತನ್ನು ತಿಂಗಳ ಆರಂಭದಲ್ಲೇ ಕಟ್ಟುತ್ತೇವೆ ಎಂಬುದರ ಗುರುತು. ಉತ್ತರ ತಿಂಗಳಿಗೆ ಶೇ. 1.44 ಎಂದು ಬರುತ್ತದೆ. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ ಶೇ. 17.3. ಬಾಯಿಲೆಕ್ಕದ 18ಕ್ಕೂ ಇದಕ್ಕೂ ಅಂತರ ಅಷ್ಟೇನಿಲ್ಲ. ಅಂಗಡಿಯಲ್ಲಿ ಕೂತು ತೀರ್ಮಾನಿಸಲು ಬಾಯಿಲೆಕ್ಕವೇ ಧಾರಾಳ.

ಈ ಲೆಕ್ಕದಲ್ಲಿ ದಿನಾಂಕದ್ದೇ ದೊಡ್ಡ ಪಾತ್ರ. ಕೆಲವು ಅಂಗಡಿಗಳು ಹನ್ನೊಂದನೇ ಕಂತಾದ ಮೇಲೆ ಒಂದಲ್ಲ, ಎರಡು ತಿಂಗಳು ಕಾಯಿಸುತ್ತವೆ, ಅಂದರೆ ಮೊದಲ ಕಂತಿನಿಂದ ವರ್ಷ ತುಂಬಿದ ದಿನವೇ ಖರೀದಿ. ಇನ್ನು ಕೆಲವರು ತಾವಾಗಿಯೇ ಹಬ್ಬ ಬರಲಿ ಎಂದು ತಡಮಾಡುತ್ತಾರೆ. ಆಗ ಪ್ರತಿ ಕಂತೂ ಒಂದು ತಿಂಗಳು ಹೆಚ್ಚು ದುಡಿಯುತ್ತದೆ. ಮೊತ್ತ 66ರ ಬದಲು 77, ಸರಾಸರಿ ಏಳು ತಿಂಗಳು. ಅದೇ 5,000 ಈಗ ವರ್ಷಕ್ಕೆ ಶೇ. 15.6ಕ್ಕೆ ಇಳಿಯುತ್ತದೆ. ಒಂದು ತಿಂಗಳು ಸುಮ್ಮನೆ ಕಾದದ್ದಕ್ಕೆ ಎರಡೂವರೆ ಅಂಶ ಹೋಯಿತು. ಹನ್ನೆರಡನೇ ಕಂತನ್ನು ಪೂರ್ತಿ ಹಾಕದೆ ಅದರ ಮುಕ್ಕಾಲು ಭಾಗವನ್ನೋ ಅರ್ಧವನ್ನೋ ಹಾಕುವ ಸ್ಕೀಮುಗಳೂ ಇವೆ. ಅಂಥಲ್ಲಿ ಬಡ್ಡಿಯನ್ನೂ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಬೇಕು. ಅರ್ಧ ಕಂತಾದರೆ ಶೇ. 18 ಇದ್ದದ್ದು ಶೇ. 9. ಆದ್ದರಿಂದ ಪಾಸ್‌ಬುಕ್ ತೆಗೆದುಕೊಳ್ಳುವ ಮೊದಲು ಎರಡು ಮಾತು ಕೇಳಿ ತಿಳಿದಿರಬೇಕು: ನೀವು ಹಾಕುವುದು ಎಷ್ಟು ರೂಪಾಯಿ, ನಾನು ಒಡವೆ ಕೊಳ್ಳಬಹುದಾದ ಮೊದಲ ದಿನ ಯಾವುದು.

ಈ ಸ್ಕೀಮುಗಳು ಹೆಚ್ಚಾಗಿ ಹನ್ನೊಂದು ತಿಂಗಳ ಸುತ್ತಲೇ ಏಕೆ ನಿಲ್ಲುತ್ತವೆ, ಎರಡು ವರ್ಷ ಮೂರು ವರ್ಷದ್ದು ಏಕೆ ಇಲ್ಲ ಎಂದು ಕೇಳುವವರಿದ್ದಾರೆ. ಕಾರಣ ಕಾನೂನಿನಲ್ಲಿದೆ. 2013ರ ಕಂಪನಿ ಕಾಯ್ದೆಯಡಿ 2014ರಲ್ಲಿ ಬಂದ ಠೇವಣಿ ನಿಯಮಗಳ ಪ್ರಕಾರ, ಸರಕಿಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಆ ಸರಕಿಗೆ ವಜಾ ಮಾಡಿಕೊಂಡರೆ ಮಾತ್ರ ಅದು ಮುಂಗಡ. ಆ ಗಡಿ ದಾಟಿದರೆ ಅದು ಠೇವಣಿ ಎನಿಸಿಕೊಳ್ಳುತ್ತದೆ. ಠೇವಣಿ ಎತ್ತುವ ಕಂಪನಿಗೆ ಕಟ್ಟುಪಾಡುಗಳು ಬೇರೆಯೇ ಇವೆ. 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯೂ ನಿಜವಾದ ವ್ಯಾಪಾರಕ್ಕೆ ಸಂಬಂಧಿಸಿದ ಮುಂಗಡವನ್ನು ಹೊರಗಿಟ್ಟು ಉಳಿದದ್ದನ್ನು ಬಿಗಿ ಮಾಡಿತು. ಹೀಗಾಗಿ ಮೊದಲ ಕಂತು ಬಿದ್ದ ದಿನದಿಂದ ವರ್ಷ ತುಂಬುವುದರೊಳಗೆ ಒಡವೆ ನಿಮ್ಮ ಕೈಸೇರಿಸಿ ಲೆಕ್ಕ ಮುಗಿಸುವುದು ಅಂಗಡಿಯವರಿಗೂ ಅಗತ್ಯ.

ಇದರ ಇನ್ನೊಂದು ಮುಖವನ್ನು ಗ್ರಾಹಕರು ತಿಳಿದಿರಬೇಕು. ಠೇವಣಿಯಲ್ಲ ಎಂದರೆ ಠೇವಣಿಗಿರುವ ರಕ್ಷಣೆಯೂ ಇಲ್ಲ. ಬ್ಯಾಂಕಿನ ಆರ್‌ಡಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಚಿನ್ನದಂಗಡಿಯ ಪಾಸ್‌ಬುಕ್ಕಿಗೆ ಅಂಥ ಯಾವ ವಿಮೆಯೂ ಇಲ್ಲ. 2019ರ ಅಕ್ಟೋಬರಿನಲ್ಲಿ ಮುಂಬೈ ಮತ್ತು ಠಾಣೆ ಭಾಗದ ಗುಡ್‌ವಿನ್ ಜ್ಯುವೆಲ್ಲರ್ಸ್ ಮಳಿಗೆಗಳು ಬಾಗಿಲು ಹಾಕಿದಾಗ, ತಿಂಗಳ ಕಂತಿನ ಸ್ಕೀಮಿಗೆ ಹಣ ಕಟ್ಟಿದ್ದವರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಯಿತು. ಶೇ. 7ಕ್ಕೂ ಶೇ. 18ಕ್ಕೂ ಇರುವ ಅಂತರದಲ್ಲಿ ಒಂದು ಪಾಲು ಈ ಅಪಾಯದ ಬೆಲೆ.

ಉಳಿದ ಪಾಲು ಎಲ್ಲಿಂದ ಬರುತ್ತದೆ? ವರ್ಷಕ್ಕೆ ಶೇ. 18ರಷ್ಟು ಬಡ್ಡಿ ತೆತ್ತು ಯಾವ ವ್ಯಾಪಾರಿ ತಾನೇ ಸಾಲ ಎತ್ತುತ್ತಾನೆ? ಅವನಿಗೆ ಬ್ಯಾಂಕಿನಲ್ಲಿ ಅದಕ್ಕಿಂತ ಅಗ್ಗದ ಸಾಲ ಸಿಗುತ್ತದೆ. ಅವನು ನಿಮಗೆ ಬಡ್ಡಿ ಕೊಡುತ್ತಿಲ್ಲ, ವರ್ಷದ ಕೊನೆಗೆ ನೀವು ಬೇರೆ ಅಂಗಡಿಗೆ ಹೋಗದಂತೆ ನೋಡಿಕೊಳ್ಳುವುದಕ್ಕೆ ಬೆಲೆ ಕೊಡುತ್ತಿದ್ದಾನೆ. ಆ ಬೆಲೆ ಹುಟ್ಟುವುದು ವೇಸ್ಟೇಜ್ ಎಂದೋ ಮೇಕಿಂಗ್ ಚಾರ್ಜ್ ಎಂದೋ ಬಿಲ್ಲಿನಲ್ಲಿ ಬರೆಯುವ ಸಾಲಿನಲ್ಲಿ. ನನ್ನ ಮಟ್ಟಿಗೆ ಇಡೀ ಸ್ಕೀಮಿನ ಒಳ್ಳೆಯದು ಕೆಟ್ಟದ್ದು ತೀರ್ಮಾನವಾಗುವುದು ಆ ಸಾಲಿನಲ್ಲೇ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಶೇ. 18 ಎಂದು ಲೆಕ್ಕ ಹಾಕಿದಾಗ ನಾವು ಒಂದು ಮಾತನ್ನು ಕೇಳದೇ ಒಪ್ಪಿಕೊಂಡಿದ್ದೆವು. ಕೊನೆಗೆ ಸಿಗುವ 60,000 ನಿಜಕ್ಕೂ 60,000ವೇ ಎಂದು. ಆರ್‌ಡಿ ಮುಗಿದಾಗ ಬರುವುದು ನೋಟು, ಅದನ್ನು ಊರಿನ ಯಾವ ಅಂಗಡಿಗಾದರೂ ಒಯ್ಯಬಹುದು. ಸ್ಕೀಮಿನ 60,000 ಆ ಒಂದೇ ಅಂಗಡಿಯಲ್ಲಿ, ಅವರು ಹೇಳಿದ ದರಕ್ಕೆ, ಅವರು ಹಾಕಿದ ವೇಸ್ಟೇಜಿಗೆ ಮಾತ್ರ ಚಲಾವಣೆ.

ಲೆಕ್ಕ ಸಲೀಸಾಗಲೆಂದು 22 ಕ್ಯಾರಟ್ ಚಿನ್ನ ಗ್ರಾಮಿಗೆ 10,000 ರೂಪಾಯಿ ಎಂದುಕೊಳ್ಳೋಣ. ಸ್ಕೀಮಿನ ಅಂಗಡಿಯಲ್ಲಿ ನೀವು ಮೆಚ್ಚಿದ ಸರಕ್ಕೆ ವೇಸ್ಟೇಜ್ ಶೇ. 15. ಅಲ್ಲಿಗೆ ಗ್ರಾಮಿಗೆ 11,500. ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಶೇ. 3 ಸೇರಿದರೆ ಗ್ರಾಮಿಗೆ 11,845. 60,000 ರೂಪಾಯಿಗೆ ಬರುವುದು 5.065 ಗ್ರಾಂ ತೂಕದ ಸರ.

ಈಗ ಅದೇ ಬೀದಿಯ ಇನ್ನೊಂದು ಅಂಗಡಿಗೆ ಹೋಗಿ. ಅಲ್ಲಿ ಸ್ಕೀಮೂ ಇಲ್ಲ, ಪಾಸ್‌ಬುಕ್ಕೂ ಇಲ್ಲ, ಆದರೆ ಅದೇ ಬಗೆಯ ಸರಕ್ಕೆ ವೇಸ್ಟೇಜ್ ಶೇ. 10. ಜಿಎಸ್‌ಟಿ ಸೇರಿ ಗ್ರಾಮಿಗೆ 11,330. ಅಷ್ಟೇ ತೂಕದ ಸರ ಅಲ್ಲಿ 57,390 ರೂಪಾಯಿಗೆ ಸಿಗುತ್ತದೆ. ಅಂದ ಮೇಲೆ ಸ್ಕೀಮಿನಿಂದ ನಿಮಗಾದ ನಿಜವಾದ ಉಳಿತಾಯ 5,000 ಅಲ್ಲ, 57,390ರಲ್ಲಿ ನೀವು ಕಟ್ಟಿದ 55,000 ಕಳೆದು ಉಳಿಯುವ 2,390. ಆರು ತಿಂಗಳ ಸರಾಸರಿಯ ಲೆಕ್ಕವನ್ನೇ ಹಾಕಿದರೆ ವರ್ಷಕ್ಕೆ ಶೇ. 8.7. ಶೇ. 18 ಇದ್ದದ್ದು ಅರ್ಧಕ್ಕೂ ಕೆಳಗೆ ಬಂತು. ಎರಡನೇ ಅಂಗಡಿಯ ವೇಸ್ಟೇಜ್ ಶೇ. 8 ಆಗಿದ್ದರೆ ಅಲ್ಲಿ ಸರದ ಬೆಲೆ ಸುಮಾರು 56,350. ನಿಮ್ಮ ಉಳಿತಾಯ 1,350, ವರ್ಷಕ್ಕೆ ಶೇ. 4.9. ಆರ್‌ಡಿಗೇ ಕಟ್ಟಿ, ಆ ಹಣ ಹಿಡಿದು ಆ ಅಂಗಡಿಗೆ ಹೋಗಿದ್ದರೆ ನಿಮ್ಮ ಕೈಯಲ್ಲಿ ಇನ್ನೂ ಐನೂರಕ್ಕೂ ಹೆಚ್ಚು ರೂಪಾಯಿ ಉಳಿಯುತ್ತಿತ್ತು. ಒಂದು ಅಂಗಡಿಗೂ ಇನ್ನೊಂದಕ್ಕೂ ವೇಸ್ಟೇಜಿನಲ್ಲಿ ಆರು ಅಂಶದ ವ್ಯತ್ಯಾಸವಿದ್ದರೆ ಸಾಕು, ಹನ್ನೆರಡನೇ ಕಂತು ಆರ್‌ಡಿಯ ಬಡ್ಡಿಗೆ ಬಂದು ನಿಲ್ಲುತ್ತದೆ.

ಆರು ಅಂಶದ ವ್ಯತ್ಯಾಸ ಅಪರೂಪವೇನಲ್ಲ. ಸಾದಾ ಬಳೆಗೂ ಕುಸುರಿ ಕೆಲಸದ ನೆಕ್ಲೇಸಿಗೂ ಒಂದೇ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು ಅಂತರವಿರುತ್ತದೆ. ಅದಲ್ಲದೆ ಮಾಮೂಲಿ ಗಿರಾಕಿ ಚೌಕಾಸಿ ಮಾಡಿದಾಗ ವೇಸ್ಟೇಜಿನಲ್ಲಿ ಒಂದೆರಡು ಅಂಶ ಬಿಡುವ ಅಂಗಡಿಯವರು, ಸ್ಕೀಮಿನವರು ಬಂದಾಗ “ನಿಮಗೆ ಆಗಲೇ ಒಂದು ಕಂತು ಕೊಟ್ಟಿದ್ದೀವಲ್ಲ ಮೇಡಂ” ಎನ್ನುವುದುಂಟು. ಹಬ್ಬದ ದಿನಗಳಲ್ಲಿ ಎಲ್ಲರಿಗೂ ಮೇಕಿಂಗ್ ಚಾರ್ಜಿನಲ್ಲಿ ಕಡಿತ ಘೋಷಿಸಿ, ಸ್ಕೀಮಿನ ಹಣಕ್ಕೆ ಅದು ಅನ್ವಯಿಸದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದೂ ಉಂಟು. ಚಿನ್ನದ ನಾಣ್ಯದ ಮೇಲೆ ಮೇಕಿಂಗ್ ಚಾರ್ಜ್ ಕಡಿಮೆ. ಅದಕ್ಕೇ ಹಲವು ಸ್ಕೀಮುಗಳು ಆ ಹಣದಲ್ಲಿ ನಾಣ್ಯ ಕೊಳ್ಳಲು ಬಿಡುವುದಿಲ್ಲ.

ಇದನ್ನು ಪತ್ತೆ ಹಚ್ಚುವ ದಾರಿ ಸುಲಭ. ಒಡವೆ ಆರಿಸುವಾಗ ಪಾಸ್‌ಬುಕ್ ಬ್ಯಾಗಿನಲ್ಲೇ ಇರಲಿ. ನಗದು ಕೊಟ್ಟು ಕೊಳ್ಳುವವರಂತೆ ಮಾತಾಡಿ, ಚೌಕಾಸಿ ಮಾಡಿ, ಗ್ರಾಂ ತೂಕ, ಆ ದಿನದ ದರ, ವೇಸ್ಟೇಜ್, ಜಿಎಸ್‌ಟಿ ಇಷ್ಟನ್ನೂ ಬಿಡಿಬಿಡಿಯಾಗಿ ಬರೆದ ಎಸ್ಟಿಮೇಟ್ ಚೀಟಿ ತೆಗೆದುಕೊಳ್ಳಿ. ಆಮೇಲೆ ಪಾಸ್‌ಬುಕ್ ತೋರಿಸಿ. ವೇಸ್ಟೇಜಿನ ಅಂಕಿ ಕದಲದೆ ನಿಂತರೆ ನಿಮ್ಮ 5,000 ನಿಜವಾದ 5,000. ಅಂಕಿ ಮೇಲೇರಿದರೆ ಎಷ್ಟು ಏರಿತೋ ಅಷ್ಟು ನಿಮ್ಮ ಕಂತಿನಿಂದಲೇ ಹೋಯಿತು. ಸೇರುವ ಮೊದಲೇ ಇದನ್ನು ನೋಡಬೇಕೆಂದರೆ, ನೀವು ಕೊಳ್ಳಬೇಕೆಂದಿರುವ ಬಗೆಯ ಒಡವೆಗೆ ಎರಡು ಮೂರು ಅಂಗಡಿಗಳಲ್ಲಿ ವೇಸ್ಟೇಜ್ ಕೇಳಿಕೊಂಡು ಬಂದು ಹೋಲಿಸಬಹುದು.

ಇನ್ನು ಚಿನ್ನದ ದರ. ಸ್ಕೀಮುಗಳಲ್ಲಿ ಎರಡು ಜಾತಿ. ಒಂದರಲ್ಲಿ ನೀವು ಕಟ್ಟಿದ ಹಣ ರೂಪಾಯಿಯಾಗಿಯೇ ಜಮೆಯಾಗುತ್ತದೆ, ಕೊಳ್ಳುವ ದಿನದ ದರಕ್ಕೆ ಒಡವೆ. ಇನ್ನೊಂದರಲ್ಲಿ ಪ್ರತಿ ಕಂತೂ ಕಟ್ಟಿದ ದಿನದ ದರದಲ್ಲಿ ಗ್ರಾಂ ಆಗಿ ಜಮೆಯಾಗುತ್ತದೆ. ಪಾಸ್‌ಬುಕ್ಕಿನಲ್ಲಿ ರೂಪಾಯಿಯ ಪಕ್ಕದಲ್ಲೇ ಮಿಲಿಗ್ರಾಮುಗಳ ಕಾಲಂ ಇದ್ದರೆ ಅದು ಎರಡನೇ ಜಾತಿ. ಹನ್ನೆರಡನೇ ಕಂತನ್ನು ಅಂಗಡಿಯವರೇ ಕಟ್ಟುವ ಸ್ಕೀಮು ರೂಪಾಯಿಯದ್ದಾಗಿದ್ದರೆ, ದರ ಏರುವ ವರ್ಷದಲ್ಲಿ ಏನಾಗುತ್ತದೆ ಎಂದು ನೋಡಬೇಕು.

ಮೊದಲ ಕಂತಿನ ದಿನ ಗ್ರಾಮಿಗೆ 10,000, ಆಮೇಲೆ ತಿಂಗಳಿಗೆ 200 ರೂಪಾಯಿಯಂತೆ ಏರಿ, ಕೊಳ್ಳುವ ದಿನಕ್ಕೆ 12,200 ಆಯಿತೆನ್ನಿ. ವೇಸ್ಟೇಜ್, ತೆರಿಗೆಗಳನ್ನು ಪಕ್ಕಕ್ಕಿಟ್ಟು ಬರೀ ಚಿನ್ನವನ್ನು ಎಣಿಸೋಣ. ರೂಪಾಯಿ ಸ್ಕೀಮಿನ 60,000ಕ್ಕೆ ಆ ದಿನ ಸಿಗುವುದು 4.92 ಗ್ರಾಂ. ಅದೇ ಹನ್ನೊಂದು ಕಂತುಗಳು ಆಯಾ ತಿಂಗಳ ದರದಲ್ಲಿ ಗ್ರಾಂ ಆಗುತ್ತ ಬಂದಿದ್ದರೆ, ಅಂಗಡಿಯವರು ಒಂದು ಪೈಸೆ ಸೇರಿಸದಿದ್ದರೂ 5.02 ಗ್ರಾಂ ಆಗಿರುತ್ತಿತ್ತು. ಹನ್ನೊಂದು ತಿಂಗಳಲ್ಲಿ ದರ ಶೇ. 22ರಷ್ಟು ಏರಿದ ವರ್ಷದಲ್ಲಿ ಉಚಿತ ಕಂತಿಗಿಂತ ಗ್ರಾಂ ಲೆಕ್ಕವೇ ಮೇಲಾಯಿತು. ದರ ನಿಂತಲ್ಲೇ ನಿಂತರೆ ಅಥವಾ ಇಳಿದರೆ ರೂಪಾಯಿ ಸ್ಕೀಮೇ ಮೇಲು, ಅದರಲ್ಲಿ ಅನುಮಾನವಿಲ್ಲ. ಯಾವ ವರ್ಷ ಹೇಗಿರುತ್ತದೆ ಎಂದು ಮೊದಲೇ ಹೇಳಬಲ್ಲವರಿಲ್ಲ. ಆದರೆ ಮಗಳಿಗೆ ಇಂತಿಷ್ಟು ಗ್ರಾಮಿನ ಮಾಂಗಲ್ಯ ಸರ ಎಂದು ತೂಕವನ್ನು ಮೊದಲೇ ಗೊತ್ತುಮಾಡಿಕೊಂಡವರಿಗೆ ಗ್ರಾಂ ಸ್ಕೀಮು ಹೆಚ್ಚು ಹೊಂದುತ್ತದೆ. ಅವರ ಗುರಿ ಇರುವುದೇ ತೂಕದಲ್ಲಿ. ಅರವತ್ತು ಸಾವಿರದಲ್ಲಿ ಏನು ಬರುತ್ತದೋ ಅದನ್ನೇ ಕೊಳ್ಳೋಣ ಎನ್ನುವವರಿಗೆ ರೂಪಾಯಿ ಸ್ಕೀಮೇ ಸರಿ. ಅವರು ಅದನ್ನು ಆರ್‌ಡಿಯ ಜೊತೆ ಹೋಲಿಸಿ ನೋಡಿದರೆ ಸಾಕು, ಏಕೆಂದರೆ ದರ ಏರಿದಾಗ ಆರ್‌ಡಿಯ ಹಣಕ್ಕೂ ಅದೇ ಪೆಟ್ಟು ಬೀಳುತ್ತದೆ.

ನನಗೆ ಹೆಚ್ಚು ಕಳವಳವಾಗುವುದು ಕಂತು ತಪ್ಪುವವರ ವಿಷಯದಲ್ಲಿ. ಹನ್ನೊಂದೂ ಕಂತು ಕಟ್ಟಿ ಮುಗಿಸಿದವರಿಗೆ ಮಾತ್ರ ಹನ್ನೆರಡನೆಯದು ಎಂಬುದು ಹೆಚ್ಚಿನ ಕಡೆ ಇರುವ ಷರತ್ತು. ಹೊಲಿಗೆ ಕೆಲಸವನ್ನೋ ದಿನಗೂಲಿಯನ್ನೋ ನಂಬಿದ ಹೆಂಗಸೊಬ್ಬಳು ಆರು ಕಂತು ಕಟ್ಟಿ, ಮನೆಯಲ್ಲಿ ಯಾರಿಗೋ ಕಾಯಿಲೆಯಾಗಿ ನಿಲ್ಲಿಸಿಬಿಟ್ಟಳು ಎನ್ನಿ. ಅವಳ 30,000 ಅಲ್ಲೇ ಇರುತ್ತದೆ, ಅವಧಿ ಮುಗಿದ ಮೇಲೆ ಅಷ್ಟಕ್ಕೆ ಮಾತ್ರ ಒಡವೆ. ನಗದು ಬೇಕಾಗಿದ್ದ ಹೊತ್ತಿನಲ್ಲಿ ನಗದು ಸಿಗುವುದು ಕಷ್ಟ. ಬಡ್ಡಿಯಂತೂ ಸೊನ್ನೆ. ಅದೇ ಆರು ಕಂತುಗಳು ಅಷ್ಟೇ ದಿನ ಶೇ. 7ರಲ್ಲಿ ಬ್ಯಾಂಕಿನಲ್ಲಿ ಇದ್ದಿದ್ದರೆ ಸುಮಾರು 1,490 ರೂಪಾಯಿ ಬಡ್ಡಿ ಬರುತ್ತಿತ್ತು. ಆರ್‌ಡಿಯನ್ನು ನಡುವೆ ಮುರಿದರೆ ಬಡ್ಡಿ ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಆದರೆ ಹಣವಾದರೂ ಆಸ್ಪತ್ರೆಯ ಬಿಲ್ಲಿಗೆ ಒದಗುತ್ತದೆ. ಕಂತು ಪೂರ್ತಿ ತಪ್ಪದೆ ಬರೀ ತಡವಾದರೂ, ಕೆಲವು ಅಂಗಡಿಗಳು ಕೊಳ್ಳುವ ದಿನವನ್ನು ಅಷ್ಟು ಮುಂದಕ್ಕೆ ಹಾಕುತ್ತವೆ. ಹಾಗೆ ಮುಂದೆ ಹೋದ ಒಂದೊಂದು ತಿಂಗಳಿಗೂ ಬಡ್ಡಿ ಎಷ್ಟು ಇಳಿಯುತ್ತದೆಂದು ಮೇಲೆ ನೋಡಿದ್ದೇವೆ.

ಈ ಲೆಕ್ಕದಲ್ಲಿ ಕಂತು ಎಷ್ಟು ದೊಡ್ಡದು ಎಂಬುದಕ್ಕೆ ಬೆಲೆಯೇ ಇಲ್ಲ. ಹನ್ನೊಂದಕ್ಕೆ ಒಂದು ಉಚಿತ ಎಂಬ ಪ್ರಮಾಣವೂ ಕೊಳ್ಳುವ ದಿನಾಂಕವೂ ಒಂದೇ ಆಗಿದ್ದರೆ, ತಿಂಗಳಿಗೆ 10,000 ಕಟ್ಟಿದವರಿಗೂ 1,000 ಕಟ್ಟಿದವರಿಗೂ ಬರುವುದು ಅದೇ ಶೇ. 18. ಕೌಂಟರಿನಲ್ಲಿ ಐದು ಸಾವಿರ ಎಂದು ಒತ್ತಾಯ ಮಾಡಿದರೂ, ಎಂಥ ಕಷ್ಟದ ತಿಂಗಳಲ್ಲೂ ತಪ್ಪದೆ ಕಟ್ಟಬಲ್ಲೆ ಎನ್ನಿಸುವ ಮೊತ್ತ ಎರಡು ಸಾವಿರವಾಗಿದ್ದರೆ ಎರಡು ಸಾವಿರದ ಪಾಸ್‌ಬುಕ್ಕನ್ನೇ ಬರೆಸಬೇಕು. ಉಳಿದ ಮೂರು ಸಾವಿರ ಬ್ಯಾಂಕಿನ ಆರ್‌ಡಿಗೆ ಹೋಗಲಿ.